ಸ್ಕ್ಯಾನ್ ನಾರ್ಮಲ್ ಬಂದರೂ ಬೆನ್ನಿನ ಪರೀಕ್ಷೆ ಯಾಕೆ?

ಓದುಗರ ಪತ್ರ: ಮೊನ್ನೆ ಸಂಜೆ ಏಳು ಗಂಟೆಗೆ ನನ್ನ ಹೆಂಡತಿ (44 ವರ್ಷ) ನೀರಿನ ಕೊಡ ಎತ್ತುವಾಗ ತಲೆ ಹಿಡಿದುಕೊಂಡು ಕುಸಿದು ಕೂತಳು. ‘ಜೀವಮಾನದಲ್ಲಿ ಇಂಥ ನೋವು ಕಂಡಿಲ್ಲ’ ಎಂದಳು. ಎರಡು ಸಲ ವಾಂತಿಯಾಯಿತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿದರು, ನಾರ್ಮಲ್ ಬಂತು. ಆದರೂ ಬೆನ್ನಿಂದ ನೀರು ತೆಗೆದು ನೋಡಬೇಕು ಎಂದರು. ಹೆದರಿ ಮನೆಗೆ ಕರೆತಂದೆ. ಈಗ ಮಾತ್ರೆಯಿಂದ ನೋವು ಕಡಿಮೆಯಿದೆ. ಅದು ಬೇಕಿತ್ತಾ, ದುಡ್ಡಿಗಾಗಿ ಹೇಳಿದರಾ?
– ಒಬ್ಬ ಓದುಗ, ಅರಸೀಕೆರೆ ತಾಲೂಕು

ಸಂಪಾದಕರ ಉತ್ತರ: ಬೇಕಿತ್ತು. ಈಗಲೂ ಬೇಕು. ಪತ್ರ ಓದಿದ ಕೂಡಲೇ ನಿಮಗೆ ಫೋನ್ ಮಾಡಿ, ಇವತ್ತೇ ವಾಪಸ್ ಆಸ್ಪತ್ರೆಗೆ ಹೋಗಿ ಎಂದಿದ್ದು ಅದಕ್ಕೇ. ಯಾಕೆ ಅಷ್ಟು ಒತ್ತಾಯ ಮಾಡಿದೆ ಅನ್ನೋದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಇಂಥ ನೋವಿನಲ್ಲಿ ಡಾಕ್ಟರು ಮೊದಲು ಕೇಳುವುದು, ಅದು ಎಷ್ಟು ಹೊತ್ತಿನಲ್ಲಿ ತುದಿ ಮುಟ್ಟಿತು ಎಂದು. ಮೈಗ್ರೇನ್ ಸಾಮಾನ್ಯವಾಗಿ ನಿಧಾನಕ್ಕೆ ಏರುತ್ತದೆ. ನಿಮ್ಮ ಮನೆಯವರಿಗೆ ಬಂದದ್ದು ಹಾಗಲ್ಲ, ಕೊಡ ಎತ್ತಿದ ಆ ಕ್ಷಣದಲ್ಲೇ ಪೂರ್ತಿ ಬಂತು. ಒಂದು ನಿಮಿಷದೊಳಗೆ ತಾರಕಕ್ಕೇರುವ ನೋವು ಬಂದವರೆಲ್ಲರಿಗೂ ಮೆದುಳಿನಲ್ಲಿ ರಕ್ತ ಸೋರಿರುವುದಿಲ್ಲ. ಹೆಚ್ಚಿನವರಿಗೆ ಕಾರಣ ಬೇರೆ ಇರುತ್ತದೆ. ಆದರೆ ಅದು ಸೋರಿಕೆಯಲ್ಲ ಎಂದು ಖಚಿತ ಮಾಡಿಕೊಳ್ಳದೆ ಯಾರನ್ನೂ ಮನೆಗೆ ಕಳಿಸಬಾರದು.

ಕೆಲವರ ಮೆದುಳಿನ ರಕ್ತನಾಳದಲ್ಲಿ ಒಂದು ಕಡೆ ಗೋಡೆ ತೆಳುವಾಗಿ, ಹಳೇ ಸೈಕಲ್ ಟ್ಯೂಬಿನ ಹಾಗೆ ಗುಳ್ಳೆ ಎದ್ದಿರುತ್ತದೆ. ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಅದು ಒಡೆದರೆ ಮೆದುಳಿನ ಸುತ್ತ ಇರುವ ನೀರಿಗೆ ರಕ್ತ ಸೇರುತ್ತದೆ. ಎಷ್ಟೋ ಸಲ ಅಲ್ಲಿ ರಕ್ತ ಹೆಪ್ಪುಗಟ್ಟಿ ಸೋರಿಕೆ ತಾನಾಗಿಯೇ ನಿಲ್ಲುತ್ತದೆ. ರೋಗಿ ಎದ್ದು ಮಾತಾಡುತ್ತಾರೆ. ಮನೆಯವರು ಮೋಸಹೋಗುವುದು ಇಲ್ಲೇ. ಆ ಹೆಪ್ಪು ಭದ್ರವಲ್ಲ. ಮತ್ತೆ ಸೋರುವ ಅಪಾಯ ಮೊದಲ 24 ಗಂಟೆಯಲ್ಲಿ ಎಲ್ಲಕ್ಕಿಂತ ಜಾಸ್ತಿ, ಆಮೇಲೂ ವಾರಗಟ್ಟಲೆ ಇರುತ್ತದೆ. ಎರಡನೇ ಸಲ ಸೋರಿದರೆ ಉಳಿಯುವುದು ಕಷ್ಟ. ಮಾತ್ರೆಗೆ ನೋವು ತಗ್ಗಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಸೋರಿಕೆಯ ನೋವೂ ಮಾತ್ರೆಗೆ ತಗ್ಗಬಹುದು.

ಇನ್ನು ಸ್ಕ್ಯಾನ್ ವಿಷಯ. ಹೊಸ ರಕ್ತ ಸಿ.ಟಿ.ಯಲ್ಲಿ ಬೆಳ್ಳಗೆ ಕಾಣುತ್ತದೆ. ನೋವು ಶುರುವಾದ ಆರು ಗಂಟೆಯೊಳಗೆ ಒಳ್ಳೆಯ ಯಂತ್ರದಲ್ಲಿ ತೆಗೆದು, ಅನುಭವಿ ರೇಡಿಯಾಲಜಿಸ್ಟ್ ನೋಡಿದರೆ ಸೋರಿಕೆ ತಪ್ಪಿಹೋಗುವುದು ತೀರಾ ಅಪರೂಪ. ಹೊತ್ತು ಕಳೆದಂತೆ ರಕ್ತ ಆ ನೀರಿನಲ್ಲಿ ಬೆರೆತು ತೆಳುವಾಗುತ್ತದೆ, ಬಿಳುಪು ಮಾಸುತ್ತದೆ. ವಾರ ಕಳೆದರೆ ಸುಮಾರು ಅರ್ಧದಷ್ಟು ಜನರಲ್ಲಿ ಅದು ಕಾಣುವುದೇ ಇಲ್ಲ. ನಿಮ್ಮ ಲೆಕ್ಕ ನೋಡಿ. ನೋವು ಸಂಜೆ ಏಳಕ್ಕೆ, ಸ್ಕ್ಯಾನ್ ಬೆಳಿಗ್ಗೆ ಹನ್ನೊಂದಕ್ಕೆ. ನಡುವೆ 16 ಗಂಟೆ. ಅದೇ ನಾರ್ಮಲ್ ವರದಿ ರಾತ್ರಿ ಹತ್ತಕ್ಕೆ ಬಂದಿದ್ದರೆ ಡಾಕ್ಟರು ಬಹುಶಃ ಅಲ್ಲಿಗೇ ನಿಲ್ಲಿಸುತ್ತಿದ್ದರು. ಹದಿನಾರು ಗಂಟೆಯ ಮೇಲೆ ಬಂದ ವರದಿಯನ್ನು ಅಷ್ಟು ನಂಬಲು ಆಗುವುದಿಲ್ಲ, ಅಲ್ವಾ?

ಬೆನ್ನಿನ ನೀರು ಉಪಯೋಗಕ್ಕೆ ಬರುವುದು ಆಗಲೇ. ಸೋರಿದ ರಕ್ತ ಒಡೆದು ನೀರಿಗೆ ಹಳದಿ ಬಣ್ಣ ಬರಲು ಸುಮಾರು 12 ಗಂಟೆ ಬೇಕು. ಆಮೇಲೆ ಆ ಹಳದಿ ಎರಡು ವಾರದ ತನಕ ಉಳಿಯಬಹುದು. ಸೂಜಿ ಚುಚ್ಚುವಾಗ ತಾಗಿದ ಹೊಸ ರಕ್ತ ಕೆಂಪಗಿರುತ್ತದೆ, ಅದರಿಂದ ಈ ಹಳದಿ ಬರುವುದಿಲ್ಲ. ಹಾಗಾಗಿ ಲ್ಯಾಬಿನವರಿಗೆ ಎರಡನ್ನೂ ಬೇರೆ ಮಾಡಿ ಹೇಳಲು ದಾರಿ ಇದೆ.

ಸೊಂಟಕ್ಕೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ ನಮ್ಮಲ್ಲಿ ತುಂಬ ಇದೆ. ಮೆದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಪರೀಕ್ಷೆ ಆದಮೇಲೆ ಕೆಲವರಿಗೆ ಎದ್ದು ನಿಂತರೆ ತಲೆನೋವು ಬರುತ್ತದೆ, ಮಲಗಿದರೆ ತಗ್ಗುತ್ತದೆ. ಅದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಸೂಜಿ ಬೇಡವೇ ಬೇಡ ಅನ್ನಿಸಿದರೆ ಡಾಕ್ಟರ ಹತ್ತಿರ ಸಿ.ಟಿ. ಆಂಜಿಯೋಗ್ರಾಮ್ ಬಗ್ಗೆ ಕೇಳಿ. ಕೈಗೆ ಡೈ ಕೊಟ್ಟು ರಕ್ತನಾಳಗಳನ್ನೇ ನೋಡುತ್ತಾರೆ. ಅದರಲ್ಲೂ ಒಂದು ತೊಡಕಿದೆ. ಎಂದೂ ಒಡೆಯದ ಸಣ್ಣ ಗುಳ್ಳೆಗಳು ನೂರಕ್ಕೆ ಎರಡು–ಮೂರು ಜನರಲ್ಲಿ ಸುಮ್ನೆ ಇರುತ್ತವೆ. ಗುಳ್ಳೆ ಕಂಡ ಮಾತ್ರಕ್ಕೆ ಅದೇ ಸೋರಿತು ಎನ್ನಲಾಗದು.

ಗುಳ್ಳೆ ಒಡೆದದ್ದು ಖಚಿತವಾದರೆ ತೊಡೆಯ ಅಥವಾ ಕೈಯ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ, ಪ್ಲಾಟಿನಂ ತಂತಿಯ ಸುರುಳಿ ತುಂಬಿ ಅದನ್ನು ಮುಚ್ಚುತ್ತಾರೆ. ಇಲ್ಲವೇ ಆಪರೇಷನ್ ಮಾಡಿ ಅದರ ಬುಡಕ್ಕೆ ಕ್ಲಿಪ್ ಹಾಕುತ್ತಾರೆ. ಎರಡನೇ ಸಲ ಸೋರುವ ಮೊದಲೇ ಇದು ಆಗಬೇಕು.

ಹೊರಡುವಾಗ ಆಸ್ಪಿರಿನ್ ಅಥವಾ ಬ್ರೂಫೆನ್ ಥರದ ಮಾತ್ರೆ ಕೊಡಬೇಡಿ. ಬೈಕಿನಲ್ಲಿ ಕೂರಿಸಬೇಡಿ. ಮಂಕಾಗಿ ಕಂಡರೆ, ಮತ್ತೆ ವಾಂತಿಯಾದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ 108ಕ್ಕೆ ಫೋನ್ ಮಾಡಿ. ಹಳೇ ಸ್ಕ್ಯಾನಿನ ಫಿಲ್ಮ್, ವರದಿ ಎರಡನ್ನೂ ಒಯ್ಯಿರಿ. ಚೀಟಿ ಬರೆಸುವಾಗ ಬರೀ ‘ತಲೆನೋವು’ ಅನ್ನಬೇಡಿ. ಅವತ್ತು ಸಂಜೆ ಏಳಕ್ಕೆ ಒಂದೇ ಸಲ ಬಂತು, ಹಿಂದೆಂದೂ ಇಷ್ಟು ನೋವಾಗಿಲ್ಲ, ಸ್ಕ್ಯಾನ್ ಆಗಿದ್ದು 16 ಗಂಟೆಯ ಮೇಲೆ, ಬೆನ್ನಿನ ಪರೀಕ್ಷೆ ಬಾಕಿ ಇದೆ ಎಂದೇ ಹೇಳಿ. ಮನೆತನದಲ್ಲಿ ಯಾರಿಗಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದರೆ, ಇವರು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಆಗಲೇ ತಿಳಿಸಿ.