ವಿದೇಶಿ ಕ್ಲೈಂಟ್‌ಗೆ ಮೇಲ್: ವಿನಯ ಎಲ್ಲಿ, ನೇರ ಮಾತು ಎಲ್ಲಿ?

ಬೆಂಗಳೂರಲ್ಲಿ ಮ್ಯಾನೇಜರ್ ಆಗಿದ್ದೇನೆ. ವಿದೇಶಿ ಕ್ಲೈಂಟ್‌ಗೆ ನಾನು ಬರೆಯೋ ಇಂಗ್ಲಿಷ್ ಮೇಲ್ ಒಮ್ಮೆ ಒರಟು, ಒಮ್ಮೆ ಸುತ್ತುಬಳಸು ಅನ್ನಿಸುತ್ತೆ. ಹೇಗೆ ತಿದ್ದೋದು?

ಏನಾದರೂ ಮಾಡಿಕೊಡಿ ಎಂದು ಕೇಳುವ ವಾಕ್ಯವನ್ನು ಪ್ರಶ್ನೆಯಾಗಿ ಬರೆಯಿರಿ. ತಾರೀಖು ಮತ್ತು ಕಾರಣವನ್ನು ನೇರವಾಗಿ ಹೇಳಿ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇರುತ್ತದೆ. 'ಕಳಿಸು' ಹೋಗಿ 'ಕಳಿಸಿಕೊಡಿ' ಆದರೆ ಸಾಕು, ಅಲ್ವಾ? ಇಂಗ್ಲಿಷಿನ 'ಸೆಂಡ್'ಗೆ ಆ ಬಾಲ ಇಲ್ಲ. ಅದಕ್ಕೇ ನಾವು ಮುಂದೆ 'ಕೈಂಡ್ಲಿ' ಅಂಟಿಸುತ್ತೇವೆ. ಆದರೆ 'ಕೈಂಡ್ಲಿ ಸೆಂಡ್ ದಿ ಅಪ್ರೂವಲ್ ಅಟ್ ದಿ ಅರ್ಲಿಯೆಸ್ಟ್' ಅನ್ನೋದು ಲಂಡನ್ನಿನಲ್ಲಿ ಓದುವವರಿಗೆ ಅಪ್ಪಣೆಯ ಹಾಗೆ ಕೇಳಬಹುದು. ಮೇಲಾಗಿ, ಯಾವಾಗ ಬೇಕು ಅನ್ನೋದೇ ಅದರಲ್ಲಿಲ್ಲ.

ನಾನು ಹೀಗೆ ತಿದ್ದುತ್ತೇನೆ: 'ಕುಡ್ ಯು ಅಪ್ರೂವ್ ದಿ ಡಿಸೈನ್ ಬೈ ಥರ್ಸ್‌ಡೇ, 14 ಮೇ? ವಿ ಸ್ಟಾರ್ಟ್ ಟೆಸ್ಟಿಂಗ್ ಆನ್ ಫ್ರೈಡೇ.' ನಮ್ಮ 'ಕಳಿಸಿಕೊಡ್ತೀರಾ?' ಮಾಡುವ ಕೆಲಸವನ್ನು ಇಲ್ಲಿ 'ಕುಡ್ ಯು' ಮಾಡುತ್ತದೆ. ಶುಕ್ರವಾರದ ಕಾರಣ ಕೊಟ್ಟಿದ್ದರಿಂದ ಗಡುವು ಒತ್ತಡ ಅನ್ನಿಸಲ್ಲ.

'ಆಗಲ್ಲ' ಅನ್ನಬೇಕಾದಾಗ ಮಾತ್ರ ಮೆತ್ತಗಾಗಬೇಡಿ. ಸಂಕೋಚಕ್ಕೆ 'ವಿ ವಿಲ್ ಟ್ರೈ' ಅಂದರೆ ಅವರು ಅದನ್ನು ಒಪ್ಪಿಗೆ ಅಂದುಕೊಂಡು ಕಾಯುತ್ತಾರೆ. 'ವಿ ಕಾಂಟ್ ಡೆಲಿವರ್ ದಿಸ್ ಬೈ ಮಂಡೇ. ವಿ ಕ್ಯಾನ್ ಬೈ ವೆಡ್ನೆಸ್‌ಡೇ' ಅಂತಲೇ ಬರೆಯಿರಿ.