ಟೊಮೊಸಿಂಥೆಸಿಸ್‌ನಲ್ಲಿ ನೋವು ಕಡಿಮೆಯೇ?

ಪ್ರಶ್ನೆ: ಮಾಮೂಲಿ ಮ್ಯಾಮೊಗ್ರಾಮ್‌ನಲ್ಲಿ ಬಿಳಿ ಮಚ್ಚೆ ಕಂಡಿದೆ, ಟೊಮೊಸಿಂಥೆಸಿಸ್ ಮಾಡಿಸಿ ಅಂದಿದ್ದಾರೆ. ಅದರಲ್ಲಾದರೂ ಒತ್ತುವುದು ಕಡಿಮೆಯೇ?

ಉತ್ತರ: ಇಲ್ಲ, ಇದೂ ಮ್ಯಾಮೊಗ್ರಾಮ್‌ನಂತೆ ಸ್ತನದ ಎಕ್ಸ್‌ರೇಯೇ, ಸ್ತನವನ್ನು ಫಲಕಗಳ ನಡುವೆ ಒತ್ತುವುದು ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಚಿತ್ರ. ಮಾಮೂಲಿ ಮ್ಯಾಮೊಗ್ರಾಮ್‌ನಲ್ಲಿ ಇಡೀ ಸ್ತನದ ನೆರಳು ಒಂದೇ ಚಿತ್ರದ ಮೇಲೆ ಬೀಳುತ್ತದೆ. ಗ್ರಂಥಿಯ ಅಂಗಾಂಶವೂ ಬಿಳಿ, ಗಡ್ಡೆಯೂ ಬಿಳಿ. ಹಾಗಾಗಿ ಬೇರೆ ಬೇರೆ ಆಳದ ಎರಡು ಎಳೆಗಳು ಒಂದರ ಮೇಲೊಂದು ಬಿದ್ದರೂ ಗಡ್ಡೆಯಂತೆಯೇ ಕಾಣಬಹುದು.

ಟೊಮೊಸಿಂಥೆಸಿಸ್‌ನಲ್ಲಿ ಎಕ್ಸ್‌ರೇ ಕೊಳವೆ ಕಮಾನಿನಂತೆ ಸರಿಯುತ್ತಾ ಕಡಿಮೆ ವಿಕಿರಣದ ಹಲವು ಚಿತ್ರ ತೆಗೆಯುತ್ತದೆ. ಕಂಪ್ಯೂಟರ್ ಅವನ್ನು ಸುಮಾರು 1 ಮಿ.ಮೀ. ಅಂತರದ ಪದರಗಳಾಗಿ ಜೋಡಿಸುತ್ತದೆ. ಒಂದು ಎಳೆ 20ನೇ ಪದರದಲ್ಲಿ, ಇನ್ನೊಂದು 35ನೇ ಪದರದಲ್ಲಿ ಕಂಡು, ನಡುವೆ ಏನೂ ಇರದಿದ್ದರೆ ಆ ಮಚ್ಚೆ ಬರೀ ನೆರಳಾಟ. ನಿಜವಾದ ಗಡ್ಡೆಯಾದರೆ ಅಕ್ಕಪಕ್ಕದ ಪದರಗಳಲ್ಲಿ ಅಂಚಿನ ಸಮೇತ ಉಳಿಯುತ್ತದೆ. ಆದರೆ ಕೊಬ್ಬು ತೀರಾ ಕಡಿಮೆಯಿರುವ, ಬಹಳ ದಟ್ಟವಾದ ಸ್ತನದಲ್ಲಿ ಪದರ ಬಿಡಿಸಿದರೂ ಗಡ್ಡೆ ಅಡಗಬಹುದು. ಆಗ ಅಲ್ಟ್ರಾಸೌಂಡ್ ಕೇಳುತ್ತಾರೆ.

ಒತ್ತುವಾಗ ಬಿಗಿತ, ಚರ್ಮ ಎಳೆದಂತೆ, ಕೆಲವರಿಗೆ ಚುರುಕ್ಕೆನ್ನುವ ನೋವು. ಪ್ರತಿ ಚಿತ್ರಕ್ಕೆ ಕೆಲವೇ ಸೆಕೆಂಡು, ಆದರೆ ಕೊಳವೆ ಸರಿಯುವಷ್ಟು ಹೊತ್ತು ತುಸು ಹೆಚ್ಚು ಅಲುಗದೆ ನಿಲ್ಲಬೇಕು. ಮುಟ್ಟಿನ ಹಿಂದಿನ ವಾರ ಬಿಟ್ಟು ದಿನ ಗೊತ್ತುಮಾಡಿ. ತಡೆಯಲಾಗದಿದ್ದರೆ ತಂತ್ರಜ್ಞೆಗೆ ಹೇಳಿ, ಸಡಿಲಿಸುತ್ತಾರೆ.