ತೊಟ್ಟಿ ತುಂಬೋ ಲೆಕ್ಕ: ಎರಡು ಗಂಟೆಯೋ ಮೂರು ಗಂಟೆಯೋ

«ಬೋರ್ ಒಂದೇ ಬಿಟ್ರೆ ತೊಟ್ಟಿ 4 ಗಂಟೇಲಿ ತುಂಬುತ್ತೆ, ಬಾವಿ ಮೋಟ್ರು ಒಂದೇ ಆದ್ರೆ 6 ಗಂಟೆ. ತಳದ ವಾಲ್ವ್ ಸೋರುತ್ತೆ, ತುಂಬಿದ ತೊಟ್ಟಿ 12 ಗಂಟೇಲಿ ಖಾಲಿ. ಎರಡನ್ನೂ ಬಿಟ್ರೆ ಎಷ್ಟೊತ್ತಾಗುತ್ತೆ? ತ್ರೀಫೇಸ್ ಸಿಗೋದೇ ಎರಡೂವರೆ ಗಂಟೆ. ಮದ್ದೂರು ಕಡೆಯವನು.»

ಅಣ್ಣ, ಮೇಲೆ ಒಬ್ರು ನಾಲ್ಕು ಆರು ಕೂಡಿ ಅರ್ಧ ಮಾಡಿ ಐದು ಗಂಟೆ ಅಂದಿದಾರೆ. ಬೋರ್ ಒಂದೇ ನಾಲ್ಕು ಗಂಟೇಲಿ ತುಂಬುವಾಗ ಇನ್ನೊಂದು ಪೈಪೂ ಸೇರಿದ್ಮೇಲೆ ಐದು ಹೆಂಗಾಗುತ್ತೆ? ಗಂಟೆಗಳನ್ನ ಕೂಡಬಾರದು, ಒಂದು ಗಂಟೇಲಿ ನೀರು ಎಷ್ಟು ಏರುತ್ತೆ ಅನ್ನೋದನ್ನ ಕೂಡಬೇಕು.

ನಿಮ್ಮ ತೊಟ್ಟಿ ನಾಲ್ಕಡಿ ಆಳ, ಅಂದ್ರೆ 48 ಇಂಚು ಅಂತಿಟ್ಕೊಳ್ಳಿ. ಬೋರಿಂದ ಗಂಟೆಗೆ 12 ಇಂಚು ಏರುತ್ತೆ, ಬಾವಿಯಿಂದ 8, ಸೋರಿಕೇಲಿ 4 ಇಳಿಯುತ್ತೆ. ಹನ್ನೆರಡೂ ಎಂಟೂ ಇಪ್ಪತ್ತು, ನಾಲ್ಕು ಕಳೆದ್ರೆ 16. ನಲವತ್ತೆಂಟಕ್ಕೆ ಮೂರು ಗಂಟೆ. ಆಳ ಬೇರೆ ಇದ್ರೂ ಉತ್ತರ ಇದೇ. ಮೇಲೆ ಇದೇ ಪ್ರಶ್ನೆಗೆ ನಮ್ಮ ಮೇಷ್ಟ್ರೊಬ್ರು ಮೂರು ಗಂಟೆ ಅಂದಿದಾರಲ್ಲ, ಅದು ಇಲ್ಲಿಂದಲೇ ಬಂದಿದ್ದು.

ಆದ್ರೆ ಮೇಷ್ಟ್ರು ಒಂದು ಕೇಳಲಿಲ್ಲ. ಆ 4, 6 ಗಂಟೆ ನೋಡಿದಾಗಲೂ ವಾಲ್ವ್ ಸೋರ್ತಾ ಇತ್ತಾ? ಇದ್ದಿದ್ರೆ ಆ 12 ಮತ್ತು 8 ಸೋರಿಕೆ ಕಳೆದು ಉಳಿದ ಏರಿಕೆ. ಹಂಗಾದ್ರೆ ಬೋರಿನ ನಿಜವಾದ ಬಲ 16, ಬಾವೀದು 12. ಒಟ್ಟು 28, ಸೋರಿಕೆಯನ್ನ ಒಂದೇ ಸಲ ಕಳೀರಿ, 24. ಎರಡೇ ಗಂಟೆ! ನಿಮ್ಮ ಎರಡೂವರೆ ಗಂಟೆ ಕರೆಂಟು ಸರಿಯಾಗಿ ಈ ಎರಡರ ನಡುವೆ ಬಿದ್ದಿದೆ.

ಗೊತ್ತುಮಾಡ್ಕೊಳ್ಳೋಕೆ, ತೊಟ್ಟಿ ಖಾಲಿ ಇದ್ದಾಗ ವಾಲ್ವ್ ಬಾಯಿಗೆ ಗೋಣಿ ತುಂಡು ತುರುಕಿ, ಬೋರ್ ಒಂದನ್ನೇ ಒಂದು ಗಂಟೆ ಬಿಟ್ಟು ಕೋಲು ಇಳಿಸಿ ನೋಡಿ. ಕೋಲು ಆಳದ ಕಾಲು ಭಾಗ, ಅಂದ್ರೆ 48ಕ್ಕೆ 12 ಇಂಚು ನೆನೆದ್ರೆ ಮೂರು ಗಂಟೆ ಲೆಕ್ಕ, ಮೂರರಲ್ಲೊಂದು ಭಾಗ ಇಲ್ಲಾ ಸ್ವಲ್ಪ ಜಾಸ್ತಿ, 16-18 ಬಂದ್ರೆ ಎರಡರ ಲೆಕ್ಕ.

ಸೋರಿಕೆ ಒಂದೇ ಸಮ ಇರಲ್ಲ ಅನ್ನೋದೂ ನೆನಪಿರಲಿ. ನೀರಿನ ಭಾರ ಹೆಚ್ಚಿದ್ದಷ್ಟೂ ವಾಲ್ವಲ್ಲಿ ಜೋರಾಗಿ ಹೋಗುತ್ತೆ. ತುಂಬಿದ ತೊಟ್ಟೀಲಿ ಮೊದಲ ಗಂಟೆಗೆ ಏಳೂಮುಕ್ಕಾಲು ಇಂಚಿನಷ್ಟು ಇಳಿದ್ರೆ, ಕೊನೇ ಗಂಟೇಲಿ ಅರ್ಧ ಇಂಚೂ ಇರಲ್ಲ. ನಾಲ್ಕು ಅನ್ನೋದು ಖಾಲಿಯಾಗುವಾಗಿನ ಬರೀ ಸರಾಸರಿ, ಅದ್ರಲ್ಲಿ ತಳದ ಚೂರು ನೀರು ನಿಧಾನಕ್ಕೆ ಸೋರೋ ಹೊತ್ತೇ ಜಾಸ್ತಿ; ತುಂಬುವಾಗ ಹಂಗಲ್ಲ, ಸೋರಿಕೆ ನಾಲ್ಕಕ್ಕಿಂತ ಹೆಚ್ಚೇ ಬೀಳುತ್ತೆ. ಅದಕ್ಕೇ ಆ ಮೂರು ಗಂಟೆ ಅಸಲಿಗೆ ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತೆ. ತುಂಬಿದಾಗ ಒಂದು ಗಂಟೆ ಅಳೆದು ಅದನ್ನೇ ಪೂರ್ತಿಗೆ ಹಾಕಿದ್ರೆ ಲೆಕ್ಕ ಕೆಡುತ್ತೆ. ನಾನೇ ಹಂಗೆ ಕೆಡಿಸ್ಕೊಂಡು, ಒಂದು ರಾತ್ರಿ ತೊಟ್ಟಿ ತುಂಬಿ ಹರಿದು ಪಕ್ಕದ ಭತ್ತದ ಒಟ್ಟಲು ನೆನೆದಿತ್ತು.

ಮೇಲೆ ಪಾಂಡವಪುರದವರೊಬ್ರು ಬಿರುಕಿಗೆ ಸಿಮೆಂಟ್ ಬಳೀರಿ ಅಂದಿದಾರೆ. ಅದು ಗೋಡೆ ಬಿರುಕಿನ ಮಾತು ಅಣ್ಣ, ನಿಮ್ದು ವಾಲ್ವ್. ಗೋಡೇಲಿ ಅರ್ಧಕ್ಕೆ ಬಿರುಕಿದ್ರೆ ನೀರು ಅಲ್ಲಿಗೇ ನಿಲ್ತಿತ್ತು, ಪೂರ್ತಿ ಖಾಲಿ ಆಗ್ತಿರಲಿಲ್ಲ.

ಎರಡು ಮೋಟ್ರೂ ಒಟ್ಟಿಗೆ ಓಡಿದ್ರೆ ವೋಲ್ಟೇಜ್ ಬಿದ್ದು ಎರಡರ ನೀರೂ ಕಮ್ಮಿಯಾಗುತ್ತಾ? ನಿಮ್ಮ ಲೈನ್ ನೋಡದೆ ಅದನ್ನ ಹೇಳೋಕಾಗಲ್ಲ. ಮೊದಲು ಕೋಲಿನ ಅಳತೆ ತಿಳಿಸಿ.